ಮೆಷಿನ್ ‘ರೆಸ್ಟ್ರಿಕ್ಷನ್’ ಅಂತ ಪ್ರಿಂಟ್ ಕೊಟ್ಟಿದೆ, ಗ್ರಾಫ್ ನೋಡಿದರೆ ನಂಬಿಕೆ ಬರುತ್ತಿಲ್ಲ

ಪಿಎಫ್‌ಟಿ ಕೋಣೆ

ಊದಿಸಿ ಶ್ವಾಸಕೋಶ ಅಳೆಯುವ ಸ್ಪೈರೋಮೆಟ್ರಿ ಮಾಡುವವರು, ಓದುವವರು ಇದ್ದರೆ ಒಂದು ರಿಪೋರ್ಟ್ ನೋಡಿ ಹೇಳಿ. ರೋಗಿ 56 ವರ್ಷದ ಹೆಂಗಸು, ಎತ್ತರ 150 ಸೆಂ.ಮೀ., ಬೀಡಿ ಸಿಗರೇಟು ಇಲ್ಲ, ಮೂವತ್ತು ವರ್ಷ ಸೌದೆ ಒಲೆಯಲ್ಲಿ ಅಡುಗೆ. ಏರು ಹತ್ತಿದರೆ ಏದುಸಿರು.

ಪೂರ್ತಿ ಎಳೆದು ಜೋರಾಗಿ ಊದಿದಾಗಿನ ಒಟ್ಟು ಗಾಳಿ, ಎಫ್‌ವಿಸಿ, 1.50 ಲೀಟರ್ ಬಂದಿದೆ. ಇರಬೇಕಾದದ್ದು 2.30, ಅಂದರೆ ಶೇ. 65. ಮೊದಲ ಸೆಕೆಂಡಿನ ಗಾಳಿ, ಎಫ್‌ಇವಿ-1, 1.16 ಲೀಟರ್, ಇರಬೇಕಾದದ್ದು 1.85, ಶೇ. 63. ಎರಡರ ಅನುಪಾತ 0.77. ಊದಿದ ಒಟ್ಟು ಸಮಯ 2.4 ಸೆಕೆಂಡ್. ಮೆಷಿನ್ ಕೆಳಗಡೆ ‘ರೆಸ್ಟ್ರಿಕ್ಷನ್’ ಅಂತ ಪ್ರಿಂಟ್ ಮಾಡಿದೆ, ಅಂದರೆ ಶ್ವಾಸಕೋಶದ ಗಾತ್ರವೇ ಕುಗ್ಗಿದೆ ಅಂತ. ಆದರೆ ಗಾಳಿಯ ಗಾತ್ರಕ್ಕೆ ಎದುರಾಗಿ ವೇಗ ತೋರಿಸುವ ಫ್ಲೋ-ವಾಲ್ಯೂಮ್ ಲೂಪಿನ ಇಳಿಜಾರು ನನ್ನ ಕಣ್ಣಿಗೆ ಸ್ವಲ್ಪ ಒಳಗೆ ಬಾಗಿದ ಹಾಗೆ ಕಾಣುತ್ತಿದೆ. ಡಾಕ್ಟರ್ ಟೇಬಲ್‌ಗೆ ಕಳಿಸುವ ಮೊದಲು ಕೇಳೋಣ ಅಂತ.

ಮಲೆನಾಡ ಮಳೆ

ಇದರಲ್ಲಿ ಗೊಂದಲ ಏನಿದೆ? ಅನುಪಾತ 0.70ಕ್ಕಿಂತ ಕಡಿಮೆ ಇದ್ದರೆ ಅಬ್‌ಸ್ಟ್ರಕ್ಷನ್, ಅಂದರೆ ಕೊಳವೆ ಕಿರಿದಾಗಿ ಗಾಳಿಗೆ ತಡೆ. 0.70 ದಾಟಿ ಎಫ್‌ವಿಸಿ ಕಡಿಮೆ ಇದ್ದರೆ ರೆಸ್ಟ್ರಿಕ್ಷನ್. ನಿಮ್ಮದು 0.77, ಎಫ್‌ವಿಸಿ ಶೇ. 65. ಮೆಷಿನ್ ಸರಿಯಾಗೇ ಹೇಳಿದೆ. ಒಂದೇ ತಕರಾರು ಅಂದರೆ ಆರು ಸೆಕೆಂಡ್ ಊದಿಲ್ಲ. ಆದರೆ ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್ ರೋಗಿಗಳಿಗೆ ಆರು ಸೆಕೆಂಡ್ ಆಗುವುದೂ ಇಲ್ಲ, ಗಾಳಿ ಬೇಗ ಮುಗಿದುಹೋಗುತ್ತದೆ.

ನಿಧಾನ ಉಸಿರು

ಮಳೆ ಅವರ ಕೊನೆಯ ವಾಕ್ಯ ಸರಿ, ಮೊದಲಿನ ತೀರ್ಮಾನ ಸರಿಯಲ್ಲ. ಅನುಪಾತ ನೋಡುವ ಮೊದಲು ಅದರ ಛೇದದಲ್ಲಿರುವ ಸಂಖ್ಯೆ ನಿಜವೋ ಅಲ್ಲವೋ ನೋಡಬೇಕು. ಊದುವುದನ್ನು ಅರ್ಧಕ್ಕೆ ನಿಲ್ಲಿಸಿದರೆ ಎಫ್‌ವಿಸಿ ಕುಗ್ಗುತ್ತದೆ. ಎಫ್‌ಇವಿ-1 ಮೊದಲ ಸೆಕೆಂಡಿನಲ್ಲೇ ಮುಗಿದಿರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಆಗ ಅನುಪಾತ ತಾನಾಗಿ ಮೇಲೇರುತ್ತದೆ, ಅಬ್‌ಸ್ಟ್ರಕ್ಷನ್ ಇದ್ದವರು ರೆಸ್ಟ್ರಿಕ್ಷನ್ ಇದ್ದವರ ಹಾಗೆ ಕಾಣುತ್ತಾರೆ.

ಪಿಎಫ್‌ಟಿ ಕೋಣೆಯವರೇ, ಲೂಪ್ ಪಕ್ಕಕ್ಕಿಡಿ. ಅದೇ ಊದುವಿಕೆಯ ವಾಲ್ಯೂಮ್-ಟೈಮ್ ಗ್ರಾಫ್ ತೆಗೆಯಿರಿ, ಅಡ್ಡಕ್ಕೆ ಸೆಕೆಂಡು, ಮೇಲಕ್ಕೆ ಲೀಟರ್ ಇರುವುದು. 1.4ನೇ ಸೆಕೆಂಡಿನಲ್ಲಿ ಗೆರೆ ಎಲ್ಲಿತ್ತು, 2.4ರಲ್ಲಿ ಎಲ್ಲಿ ನಿಂತಿತು, ಅಷ್ಟು ಹೇಳಿ.

ಪಿಎಫ್‌ಟಿ ಕೋಣೆ

1.4ರಲ್ಲಿ ಸುಮಾರು 1.27, ಕೊನೆಗೆ 1.50. ಗೆರೆ ಇನ್ನೂ ಏರುತ್ತಲೇ ಇತ್ತು, ಅಲ್ಲೇ ತುಂಡಾಗಿದೆ.

ನಿಧಾನ ಉಸಿರು

ಅಲ್ಲಿಗೆ ಉತ್ತರ ಸಿಕ್ಕಿತು. ಕೊನೆಯ ಒಂದು ಸೆಕೆಂಡಿನಲ್ಲಿ 230 ಮಿ.ಲೀ. ಬಂದಿದೆ. ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳಾದ ಎಟಿಎಸ್ ಮತ್ತು ಇಆರ್‌ಎಸ್ ಒಟ್ಟಿಗೆ ತಂದ 2019ರ ಮಾನದಂಡದ ಪ್ರಕಾರ ಊದುವಿಕೆ ಮುಗಿಯಿತು ಅನ್ನಬೇಕಾದರೆ ಕೊನೆಯ ಸೆಕೆಂಡಿನಲ್ಲಿ 25 ಮಿ.ಲೀ.ಗಿಂತ ಹೆಚ್ಚು ಬರಬಾರದು. ಅಥವಾ ರೋಗಿ 15 ಸೆಕೆಂಡ್ ಊದಿರಬೇಕು. ಎರಡೂ ಆಗದಿದ್ದರೆ ಆ ಎಫ್‌ವಿಸಿ ಇನ್ನೊಂದು ಒಳ್ಳೆಯ ಊದುವಿಕೆಯ ಎಫ್‌ವಿಸಿಗೆ ಹೊಂದಬೇಕು. ಆರು ಸೆಕೆಂಡಿನ ನಿಯಮ ಹಳೆಯದು. ಈಗ ನೋಡುವುದು ಎಷ್ಟು ಹೊತ್ತು ಅಂತಲ್ಲ, ಗೆರೆ ಮಟ್ಟಸವಾಯಿತೇ ಅಂತ.

ಫೈಬ್ರೋಸಿಸ್ ಇರುವವರ ಗೆರೆ ಎರಡು ಸೆಕೆಂಡಿಗೇ ಮೇಲೆ ಮುಟ್ಟಿ ಆಮೇಲೆ ಮೇಜಿನಂತೆ ಚಪ್ಪಟೆ ಓಡುತ್ತದೆ. ಮೂರು ಸೆಕೆಂಡಿಗೆ ನಿಂತರೂ ಅದು ಪೂರ್ಣ ಊದುವಿಕೆಯೇ. ನಿಮ್ಮ ರೋಗಿಯದು 2.4 ಸೆಕೆಂಡಿಗೆ ನಿಂತ, ಇನ್ನೂ ಏರುತ್ತಿರುವ ಗೆರೆ. ಎರಡೂ ಕಡಿಮೆ ಸಮಯವೇ, ಆದರೆ ಒಂದು ಮುಗಿದದ್ದು, ಇನ್ನೊಂದು ಬಿಟ್ಟದ್ದು.

ಲೂಪಿನಲ್ಲಿ ಇದು ಕಾಣದಿರಲು ಕಾರಣ ಇದೆ. ಅವರು ನಿಲ್ಲಿಸಿದಾಗ ಗಾಳಿಯ ವೇಗ ಸೆಕೆಂಡಿಗೆ 0.2 ಲೀಟರ್ ಆಸುಪಾಸು ಇತ್ತು. ಲೂಪಿನಲ್ಲಿ ಒಂದು ಲೀಟರ್ ವೇಗಕ್ಕೆ ಐದು ಮಿ.ಮೀ. ಕೊಟ್ಟಿದ್ದರೆ 0.2 ಅಂದರೆ ಒಂದೇ ಮಿ.ಮೀ. ಅಷ್ಟು ಸಣ್ಣ ಕಡಿತ ಯಾರ ಕಣ್ಣಿಗೂ ಬೀಳುವುದಿಲ್ಲ. ಊದುವಿಕೆಯ ಆರಂಭ ಹೇಗಿತ್ತು ಅಂತ ಲೂಪ್ ಹೇಳುತ್ತದೆ, ಅಂತ್ಯ ಹೇಗಿತ್ತು ಅಂತ ವಾಲ್ಯೂಮ್-ಟೈಮ್ ಗ್ರಾಫ್ ಹೇಳುತ್ತದೆ. ಎರಡನ್ನೂ ನೋಡದೆ ಸಹಿ ಹಾಕಬಾರದು.

ಚಂದ್ರಣ್ಣ

ನಮ್ಮ ತಂದೆಗೆ ಆಪರೇಷನ್ ಆದ ಮೇಲೆ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದಾರೆ. ಎರಡು ಚೆಂಡು ಏಳುತ್ತವೆ, ಮೂರನೆಯದು ಏಳುವುದಿಲ್ಲ. ಹಾಗಾದರೆ ಅವರಿಗೂ ಈ ರೆಸ್ಟ್ರಿಕ್ಷನ್ ಇದೆಯೇ? ಅವರೂ ಕೊನೆವರೆಗೆ ಊದಬೇಕೇ?

ಪಿಎಫ್‌ಟಿ ಕೋಣೆ

ಇಲ್ಲ ಅಣ್ಣ, ಅದು ಬೇರೆ ಸಾಧನ. ಅದರಲ್ಲಿ ಊದುವುದಲ್ಲ, ಎಳೆಯುವುದು. ಚೆಂಡಿನ ಪಕ್ಕದಲ್ಲಿ 600, 900, 1200 ಅಂತ ಬರೆದಿರುವುದು ಎಳೆಯುವ ವೇಗ, ಒಂದು ಸೆಕೆಂಡಿಗೆ ಇಷ್ಟು ಮಿ.ಲೀ. ಅಂತ. ಶ್ವಾಸಕೋಶದ ಅಳತೆ ಅಲ್ಲ. ಮೂರನೆಯದು ಏಳದಿದ್ದರೆ ರೋಗ ಅಂತ ಅರ್ಥವಲ್ಲ. ಜೋರಾಗಿ ಎಳೆದು ಚೆಂಡು ಹಾರಿಸುವುದಕ್ಕಿಂತ ನಿಧಾನವಾಗಿ ಎಳೆದು ಒಂದೆರಡು ಚೆಂಡನ್ನು ಮೇಲೆ ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು. ದಿನಕ್ಕೆ ಎಷ್ಟು ಸಲ ಅಂತ ನಿಮ್ಮ ಫಿಸಿಯೋಥೆರಪಿಯವರನ್ನು ಕೇಳಿ.

ಕಾವ್ಯ ಫಸ್ಟ್ ಇಯರ್

ನನ್ನದೊಂದು ಪ್ರಶ್ನೆ. ಫಿಸಿಯಾಲಜಿ ಪುಸ್ತಕದ ಚಿತ್ರದಲ್ಲಿ ಟೈಡಲ್ 500 ಮಿ.ಲೀ., ಮೇಲೆ ಇನ್‌ಸ್ಪಿರೇಟರಿ ರಿಸರ್ವ್ 3000, ಕೆಳಗೆ ಎಕ್ಸ್‌ಪಿರೇಟರಿ ರಿಸರ್ವ್ 1100, ಅದರ ಕೆಳಗೆ ರೆಸಿಡ್ಯುಯಲ್ 1200 ಅಂತ ನಾಲ್ಕು ಪಟ್ಟಿ ಇವೆ. ಪ್ರಾಕ್ಟಿಕಲ್‌ನಲ್ಲಿ ನೀರಿನ ಸ್ಪೈರೋಮೀಟರಿನ ಗೆರೆ ತೆಗೆದಾಗ ಮೂರು ಮಾತ್ರ ಸಿಕ್ಕವು. ಕೆಳಗಿನದ್ದು ಎಲ್ಲಿ ಹೋಯಿತು? ಮತ್ತೆ ರೆಸ್ಟ್ರಿಕ್ಷನ್ ಅಂದರೆ ಇವುಗಳಲ್ಲಿ ಯಾವುದು ಕಡಿಮೆ ಆಗುವುದು?

ನಿಧಾನ ಉಸಿರು

ಒಳ್ಳೆಯ ಪ್ರಶ್ನೆ, ಮೇಲಿನ ಜಗಳವೂ ಇಲ್ಲೇ ಇತ್ಯರ್ಥ ಆಗುತ್ತದೆ. ಬಾಯಿಂದ ಹೊರಗೆ ಬಂದ ಗಾಳಿಯನ್ನು ಮಾತ್ರ ಸ್ಪೈರೋಮೀಟರ್ ಅಳೆಯುತ್ತದೆ. ಎಷ್ಟೇ ಹಿಂಡಿ ಊದಿದರೂ ಆ 1200 ಹೊರಗೆ ಬರುವುದೇ ಇಲ್ಲ, ಹಾಗಾಗಿ ಗೆರೆಯಲ್ಲೂ ಬರುವುದಿಲ್ಲ. ಅದು ಸೇರುವ ಯಾವ ಒಟ್ಟು ಮೊತ್ತವೂ ಸಿಗುವುದಿಲ್ಲ. ಮಾಮೂಲಿ ಉಸಿರು ಬಿಟ್ಟ ಮೇಲೆ ಒಳಗೆ ಉಳಿಯುವ 2300 ಸಿಗದು, ಪೂರ್ತಿ ತುಂಬಿದಾಗಿನ 5800 ಸಿಗದು. ಮೇಲಿನ ಮೂರು ಕೂಡಿದರೆ ಬರುವ 4600, ಅಂದರೆ ವೈಟಲ್ ಕೆಪ್ಯಾಸಿಟಿ, ಮಾತ್ರ ಸಿಗುತ್ತದೆ. 1846ರಲ್ಲಿ ಜಾನ್ ಹಚಿನ್ಸನ್ ತನ್ನ ನೀರಿನ ಸ್ಪೈರೋಮೀಟರಿನಿಂದ ಅಳೆದು ಹೆಸರಿಟ್ಟದ್ದೂ ಇಷ್ಟನ್ನೇ.

ಒಂದು ಕೋಣೆ ಅಂದುಕೊಳ್ಳಿ. ಛಾವಣಿ ಅಂದರೆ ಪೂರ್ತಿ ತುಂಬಿದ ಶ್ವಾಸಕೋಶ, ನೆಲ ಅಂದರೆ ಊದಿ ಮುಗಿದ ಮೇಲೂ ಉಳಿಯುವ ಗಾಳಿ. ನೆಲದಿಂದ ಛಾವಣಿಗೆ ಎಷ್ಟು ಅಂತ ಸ್ಪೈರೋಮೀಟರ್ ಹೇಳುತ್ತದೆ. ನೆಲ ಎಷ್ಟು ಎತ್ತರದಲ್ಲಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ರೆಸ್ಟ್ರಿಕ್ಷನ್‌ನಲ್ಲಿ ಛಾವಣಿ ಕೆಳಗಿಳಿಯುತ್ತದೆ. ಛಾವಣಿ 4.0 ಲೀಟರಿಗೆ ಇಳಿದು ನೆಲ 0.9ರಲ್ಲಿದ್ದರೆ ನಡುವೆ ಉಳಿಯುವುದು 3.1. ಅಬ್‌ಸ್ಟ್ರಕ್ಷನ್‌ನಲ್ಲಿ ಸಣ್ಣ ಕೊಳವೆಗಳು ಬೇಗ ಮುಚ್ಚಿಕೊಂಡು ಗಾಳಿ ಒಳಗೇ ಸಿಕ್ಕಿಬೀಳುತ್ತದೆ, ನೆಲ ಮೇಲೇಳುತ್ತದೆ. ಛಾವಣಿ 6.3ಕ್ಕೆ ಹೋಗಿದ್ದರೂ ನೆಲ 3.2ಕ್ಕೆ ಬಂದರೆ ನಡುವೆ ಉಳಿಯುವುದು ಮತ್ತೆ 3.1. ಸ್ಪೈರೋಮೀಟರಿಗೆ ಇಬ್ಬರೂ ಒಂದೇ. ಅದಕ್ಕೇ ಎಫ್‌ವಿಸಿ ಕಡಿಮೆ ಅಂದ ಕೂಡಲೇ ರೆಸ್ಟ್ರಿಕ್ಷನ್ ಅನ್ನಲಾಗದು. ಛಾವಣಿ ಇಳಿದಿದೆ ಅಂತ ಹೇಳಬೇಕಾದರೆ ಒಟ್ಟು ಸಾಮರ್ಥ್ಯ, ಟಿಎಲ್‌ಸಿ, ಅಳೆಯಬೇಕು. ಅದಕ್ಕೆ ಹೀಲಿಯಂ ವಿಧಾನ ಇದೆ, ಅಥವಾ ರೋಗಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ ಅಳೆಯುವ ಬಾಡಿ ಪ್ಲೆಥಿಸ್ಮೋಗ್ರಫಿ ಇದೆ. ಸಿಕ್ಕಿಬಿದ್ದ ಗಾಳಿಗೆ ಹೀಲಿಯಂ ಚೆನ್ನಾಗಿ ಬೆರೆಯದ ಕಾರಣ ಅಬ್‌ಸ್ಟ್ರಕ್ಷನ್ ಹೆಚ್ಚಿದ್ದವರಲ್ಲಿ ಪೆಟ್ಟಿಗೆಯೇ ಹೆಚ್ಚು ನಂಬಿಕೆಗೆ ಅರ್ಹ.

ಇದರ ಉಲ್ಟಾ ಮಾತ್ರ ತುಂಬ ಉಪಯುಕ್ತ. ಚೆನ್ನಾಗಿ ಊದಿದ ಎಫ್‌ವಿಸಿ ಸಹಜ ಬಂದರೆ ರೆಸ್ಟ್ರಿಕ್ಷನ್ ಇರುವ ಸಾಧ್ಯತೆ ತೀರಾ ಕಡಿಮೆ.

ಮಲೆನಾಡ ಮಳೆ

ಕೋಣೆಯ ಲೆಕ್ಕ ಒಪ್ಪಿದೆ. ಆದರೂ ಇಬ್ಬರ ಗೆರೆ ಒಂದೇ ಥರ ಇರುವುದಿಲ್ಲವಲ್ಲ? 3.1 ಒಂದೇ ಇರಬಹುದು, ಗ್ರಾಫಿನ ಆಕಾರದಲ್ಲಿ ವ್ಯತ್ಯಾಸ ಕಂಡೇ ಕಾಣುತ್ತದೆ.

ನಿಧಾನ ಉಸಿರು

ಹೌದು, ಎತ್ತರ ಒಂದೇ, ಅಲ್ಲಿಗೆ ಏರುವ ರೀತಿ ಬೇರೆ. ಗಟ್ಟಿಯಾದ ಶ್ವಾಸಕೋಶ ಬಿಗಿದ ರಬ್ಬರಿನ ಹಾಗೆ ಹಿಂದಕ್ಕೆ ಎಳೆಯುತ್ತದೆ, ಕೊಳವೆಗಳನ್ನೂ ಸುತ್ತಲಿಂದ ಎಳೆದು ತೆರೆದಿಡುತ್ತದೆ. ಮೊದಲ ಸೆಕೆಂಡಿಗೇ 2.6 ಲೀಟರ್ ಬಂದುಬಿಡಬಹುದು, ಅನುಪಾತ 0.84. ವಾಲ್ಯೂಮ್-ಟೈಮ್ ಗೆರೆ ಕಡಿದಾಗಿ ಹತ್ತಿ ಚಪ್ಪಟೆಯಾಗುತ್ತದೆ. ಲೂಪ್ ಸಣ್ಣದು, ಅಗಲ ಕಡಿಮೆ, ತುದಿಯಿಂದ ಇಳಿಯುವ ಗೆರೆ ನೇರ, ಕೆಲವೊಮ್ಮೆ ಸ್ವಲ್ಪ ಹೊರಕ್ಕೆ ಉಬ್ಬಿರುತ್ತದೆ.

ಅಬ್‌ಸ್ಟ್ರಕ್ಷನ್‌ನಲ್ಲಿ ಅದೇ 3.1 ತಲುಪಲು ಹತ್ತು ಹನ್ನೆರಡು ಸೆಕೆಂಡ್ ಹಿಡಿಯುತ್ತದೆ. ಮೊದಲ ಸೆಕೆಂಡಿಗೆ 1.5 ಬಂದರೆ ಅನುಪಾತ 0.48. ಲೂಪ್ ತುದಿ ಮುಟ್ಟಿದ ಕೂಡಲೇ ಕುಸಿದು, ಆಮೇಲೆ ಸೌಟಿನ ಒಳಮೈಯಂತೆ ಬಾಗಿ ಬಾಲ ಎಳೆಯುತ್ತದೆ. ಪಿಎಫ್‌ಟಿ ಕೋಣೆಯವರಿಗೆ ಕಂಡ ಬಾಗು ಇದೇ ಬಾಲದ ಆರಂಭ. ಬಾಲ ಮಾತ್ರ ಕತ್ತರಿಸಿ ಹೋಗಿದೆ.

ಸಾಧನ ಸೇವೆ

ಸ್ಪೈರೋಮೀಟರ್ ಸರ್ವಿಸ್ ಮಾಡುವವನಾಗಿ ಒಂದು ಮಾತು ಸೇರಿಸುತ್ತೇನೆ. ಲೂಪಿನ ಆಕಾರದ ಬಗ್ಗೆ ಮಾತಾಡುವ ಮೊದಲು ಅದರ ಅಳತೆಪಟ್ಟಿ ನೋಡಿ. ಉದ್ದಕ್ಕೆ ಸೆಕೆಂಡಿಗೆ 2 ಲೀಟರ್ ವೇಗ ಹಿಡಿಯುವ ಜಾಗ, ಅಡ್ಡಕ್ಕೆ 1 ಲೀಟರ್ ಗಾತ್ರ ಹಿಡಿಯುವ ಜಾಗ, ಎರಡೂ ಸಮ ಇರಬೇಕು. ಕೆಲವು ಸಾಫ್ಟ್‌ವೇರ್ ‘ಆಟೋಸ್ಕೇಲ್’ ಹಾಕಿಕೊಂಡು ಎಂಥ ಲೂಪನ್ನೂ ಪೆಟ್ಟಿಗೆ ತುಂಬುವಂತೆ ಹಿಗ್ಗಿಸುತ್ತವೆ. ಆಗ ರೆಸ್ಟ್ರಿಕ್ಷನ್‌ನ ಪುಟಾಣಿ ಲೂಪ್ ಸಹಜ ಲೂಪಿನಷ್ಟೇ ದಪ್ಪ ಕಾಣುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆದು ಹಿಂದೆ ‘ಪ್ರೆಡಿಕ್ಟೆಡ್’ ಲೂಪ್ ಕಾಣುವಂತೆ ಇಡಿ.

ಇನ್ನೊಂದು. ಗೆರೆ ಚಪ್ಪಟೆ ಆಗದೆ ಏರುತ್ತಲೇ ಇದ್ದರೆ ಯಾವಾಗಲೂ ರೋಗಿಯ ಗಾಳಿಯೇ ಅಂದುಕೊಳ್ಳಬೇಡಿ. ಸೆನ್ಸರ್ ಶೂನ್ಯ ಹಿಡಿಯುವ ಹೊತ್ತಿಗೆ ಫ್ಯಾನ್ ಗಾಳಿ ತಾಗಿದರೆ, ಇಲ್ಲವೇ ರೋಗಿ ಆಗಲೇ ಬಾಯಿಗಿಟ್ಟು ಉಸಿರಾಡಿದರೆ, ಶೂನ್ಯವೇ ಸರಿದಿರುತ್ತದೆ. ಆಮೇಲೆ ಯಾರೂ ಊದದಿದ್ದರೂ ಗೆರೆ ಒಂದೇ ಓರೆಯಲ್ಲಿ ಏರುತ್ತದೆ. ಆಗ ಎಫ್‌ವಿಸಿ ಸುಳ್ಳಾಗಿ ಹೆಚ್ಚಿ ಅನುಪಾತ ಸುಳ್ಳಾಗಿ ಇಳಿಯುತ್ತದೆ, ಇಲ್ಲದ ಅಬ್‌ಸ್ಟ್ರಕ್ಷನ್ ಹುಟ್ಟುತ್ತದೆ. ನಿಜವಾದ ಬಾಲ ಹೋಗುತ್ತ ಹೋಗುತ್ತ ಮೆತ್ತಗಾಗುತ್ತದೆ, ಈ ಸುಳ್ಳು ಗೆರೆ ನೇರ ಹೋಗುತ್ತದೆ. ಸೆನ್ಸರನ್ನು ಮೇಜಿನ ಮೇಲೆ ಅಲುಗಾಡಿಸದೆ, ಫ್ಯಾನ್ ಆರಿಸಿ, ಸೆನ್ಸರಿನ ಬಾಯಿ ಮುಚ್ಚಿ ಶೂನ್ಯ ಮಾಡಿ. ಬೆಳಗ್ಗೆ 3 ಲೀಟರ್ ಸಿರಿಂಜಿನಿಂದ ನಿಧಾನ, ಮಧ್ಯಮ, ವೇಗ ಮೂರೂ ರೀತಿ ತಳ್ಳಿ ನೋಡಿ. 2.91 ಮತ್ತು 3.09ರ ನಡುವೆ ಬರಬೇಕು.

ಪಿಎಫ್‌ಟಿ ಕೋಣೆ

ಸಿರಿಂಜ್ ಬೆಳಗ್ಗೆ 2.98, 3.01, 3.02 ಬಂದಿತ್ತು. ಆಟೋಸ್ಕೇಲ್ ಆನ್ ಇತ್ತು, ತೆಗೆದೆ. ರೋಗಿ ನಾಳೆ ಬರುತ್ತಾರೆ. ಊದಿಸುವಾಗ ಏನು ಬದಲಿಸಲಿ? ‘ಸಾಕು’ ಅಂತ ನಾನು ಹೇಳಿರಲಿಲ್ಲ, ಅವರೇ ನಿಲ್ಲಿಸಿಬಿಟ್ಟರು.

ನಿಧಾನ ಉಸಿರು

ಕೈ ಇರುವ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಪಾದ ನೆಲಕ್ಕೆ ತಾಗಲಿ, ಮೂಗಿಗೆ ಕ್ಲಿಪ್. ಸೀರೆಯ ಸೊಂಟಪಟ್ಟಿ, ಲಂಗದ ಲಾಡಿ ಬಿಗಿ ಇದ್ದರೆ ಸಡಿಲ ಮಾಡಿಕೊಳ್ಳಲು ಹೇಳಿ. ಹಲ್ಲಿನ ಸೆಟ್ ಸರಿಯಾಗಿ ಕೂತಿದ್ದರೆ ಇರಲಿ, ತೆಗೆದರೆ ತುಟಿ ಸಂದಿಯಲ್ಲಿ ಗಾಳಿ ಸೋರುತ್ತದೆ.

ಮೊದಲು ನೀವೇ ಊದಿ ತೋರಿಸಿ. ಪೂರ್ತಿ ಎಳೆದ ಮೇಲೆ ತುದಿಯಲ್ಲಿ ತಡೆದು ಕೂರಬಾರದು, ಎರಡು ಸೆಕೆಂಡಿನೊಳಗೆ ಸಿಡಿದ ಹಾಗೆ ಬಿಡಬೇಕು. ಬಹಳ ಜನ ನಿಲ್ಲಿಸುವುದು ಎಲ್ಲಿ ಅಂದರೆ ಬಾಯಲ್ಲಿ ಗಾಳಿ ಹೋಗುತ್ತಿರುವುದು ಗೊತ್ತಾಗದಾದಾಗ. ಸೆಕೆಂಡಿಗೆ 0.2 ಲೀಟರ್ ಹೋಗುತ್ತಿದ್ದರೂ ಅವರಿಗೆ ‘ಖಾಲಿ ಆಯಿತು’ ಅನ್ನಿಸುತ್ತದೆ. ಅದನ್ನು ಮೊದಲೇ ಹೇಳಿಬಿಡಿ: ‘ಖಾಲಿ ಆಯ್ತು ಅನ್ಸುತ್ತೆ ಅಮ್ಮ, ಆದ್ರೂ ಒಳಗೆ ಇರುತ್ತೆ, ನಾನು ಹೇಳೋವರೆಗೂ ಬಿಡ್ತಾನೇ ಇರಿ.’ ಸ್ಕ್ರೀನಿನಲ್ಲಿ ಗೆರೆ ಏರುತ್ತಿರುವವರೆಗೆ ‘ಬಿಡಿ, ಬಿಡಿ, ಇನ್ನೂ ಬಿಡಿ’ ಅಂತ ನಿಮ್ಮ ಗಂಟಲು ನಿಲ್ಲಬಾರದು. ತಲೆ ಸುತ್ತಿದರೆ ಮಾತ್ರ ಆ ಕ್ಷಣವೇ ನಿಲ್ಲಿಸಿ.

ಊದಿ ಮುಗಿದ ಕೂಡಲೇ ಮೌತ್‌ಪೀಸ್ ತೆಗೆಯಲು ಬಿಡಬೇಡಿ, ಮತ್ತೆ ಪೂರ್ತಿ ಜೋರಾಗಿ ಎಳೆಸಿ. ಈಗ ಎಳೆದದ್ದು ಊದಿದ್ದಕ್ಕಿಂತ 100 ಮಿ.ಲೀ. ಅಥವಾ ಎಫ್‌ವಿಸಿಯ ಶೇ. 5, ಇವುಗಳಲ್ಲಿ ದೊಡ್ಡದಕ್ಕಿಂತ ಹೆಚ್ಚು ಬಂದರೆ ಊದುವ ಮುಂಚೆ ಅವರು ಪೂರ್ತಿ ತುಂಬಿಕೊಂಡಿರಲಿಲ್ಲ ಅಂತ ಅರ್ಥ. ಕೋಣೆಯ ಲೆಕ್ಕದಲ್ಲಿ ಛಾವಣಿ ಮುಟ್ಟದೆ ಅಳೆದಂತೆ. ಇದು ಎಫ್‌ಇವಿ-1, ಎಫ್‌ವಿಸಿ ಎರಡನ್ನೂ ಕುಗ್ಗಿಸಿ ಅನುಪಾತವನ್ನು ಸಹಜವಾಗೇ ಇಡುವುದರಿಂದ ರೆಸ್ಟ್ರಿಕ್ಷನ್‌ನ ಪಡಿಯಚ್ಚು. ಗೆರೆ ಚಪ್ಪಟೆ ಕೂಡ ಆಗಿರುತ್ತದೆ. ಹಿಡಿಯಲು ಈ ಎಳೆತ ಬಿಟ್ಟರೆ ಬೇರೆ ಸುಲಭದ ದಾರಿ ಇಲ್ಲ.

ಮೂರು ಒಳ್ಳೆಯ ಊದುವಿಕೆ ಬೇಕು. ಅದರಲ್ಲಿ ದೊಡ್ಡವೆರಡು ಎಫ್‌ವಿಸಿ 150 ಮಿ.ಲೀ. ಒಳಗೆ ಹೊಂದಬೇಕು, ಎಫ್‌ಇವಿ-1 ಕೂಡ ಹಾಗೇ. ದೊಡ್ಡವರಲ್ಲಿ ಎಂಟು ಪ್ರಯತ್ನಕ್ಕಿಂತ ಹೆಚ್ಚು ಎಳೆಯಬೇಡಿ.

ಪಿಎಫ್‌ಟಿ ಕೋಣೆ

ಇವತ್ತು ಮಾಡಿದೆ. ಐದು ಸಲ ಊದಿದರು, ಎರಡನೆಯದರಲ್ಲಿ ಮೊದಲ ಸೆಕೆಂಡಿನಲ್ಲೇ ಕೆಮ್ಮು ಬಂತು, ಬಿಟ್ಟೆ. ಉಳಿದವುಗಳಲ್ಲಿ ಉತ್ತಮದ್ದು: ಎಫ್‌ವಿಸಿ 2.05, ಎಫ್‌ಇವಿ-1 1.18, ಅನುಪಾತ 0.58, ಸಮಯ 11 ಸೆಕೆಂಡ್. ಕೊನೆಯ ಸೆಕೆಂಡಿನಲ್ಲಿ ಸುಮಾರು 20 ಮಿ.ಲೀ. ಅದರ ನಂತರದ ಎಫ್‌ವಿಸಿ 1.98. ಮತ್ತೆ ಎಳೆದದ್ದು 2.07.

ಕೊಳವೆ ಹಿಗ್ಗಿಸುವ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ, ಸ್ಪೇಸರಿನಲ್ಲಿ ನಾಲ್ಕು ಪಫ್ ಕೊಟ್ಟು ಹದಿನೈದು ನಿಮಿಷ ಬಿಟ್ಟು ಮಾಡಿದಾಗ ಎಫ್‌ಇವಿ-1 1.27, ಎಫ್‌ವಿಸಿ 2.12, ಅನುಪಾತ 0.60.

ನಿಧಾನ ಉಸಿರು

ನೋಡಿ, ಎಫ್‌ಇವಿ-1 ನಿನ್ನೆ 1.16, ಇಂದು 1.18. ಅಲುಗಾಡಿಲ್ಲ. ಬದಲಾದದ್ದು ಬಾಲ ಮಾತ್ರ, 550 ಮಿ.ಲೀ. ನಿನ್ನೆ ಶೇ. 65 ಇದ್ದ ಎಫ್‌ವಿಸಿ ಇಂದು ಶೇ. 89. ರೆಸ್ಟ್ರಿಕ್ಷನ್ ಅನ್ನುವ ಮಾತೇ ಉಳಿಯಲಿಲ್ಲ.

ಔಷಧಿಗೆ 90 ಮಿ.ಲೀ. ಏರಿದೆ. ಇರಬೇಕಾದ 1.85ರಲ್ಲಿ ಅದು ಸುಮಾರು ಶೇ. 5. ಈಗಿನ ಅಳತೆಗೋಲಿನಲ್ಲಿ ಶೇ. 10 ದಾಟಬೇಕು, ದಾಟಿಲ್ಲ. ಔಷಧಿ ಕೊಟ್ಟ ಮೇಲೂ ಅನುಪಾತ 0.60. ಸೌದೆ ಹೊಗೆಯ ಇತಿಹಾಸದ ಜೊತೆ ಇಟ್ಟು ನೋಡಿದರೆ ಡಾಕ್ಟರ್ ಕೊಳವೆ ಕಾಯಂ ಕಿರಿದಾಗುವ ಸಿಒಪಿಡಿ ಕಡೆ ಯೋಚಿಸುತ್ತಾರೆ. ರೋಗದ ಹೆಸರು ಬರೆಯುವುದು ಅವರ ಕೆಲಸ. ನೀವು ಗುಣಮಟ್ಟದ ಟಿಪ್ಪಣಿ ಬರೆದು, ನಿನ್ನೆಯ ರಿಪೋರ್ಟನ್ನು ‘ಊದುವಿಕೆ ಅಪೂರ್ಣ’ ಅಂತ ಗುರುತು ಹಾಕಿ.

ಮಲೆನಾಡ ಮಳೆ

ನಾನು ಮೊದಲು ಹೇಳಿದ್ದು ತಪ್ಪಾಯಿತು, ಒಪ್ಪಿದೆ. ಆದರೆ ಒಂದು ಉಳಿದಿದೆ. ಆ 2.30 ಯಾವ ಸಮೀಕರಣದಿಂದ ಬಂತು? ಮೆಷಿನ್ ಯುರೋಪಿಯನ್ ಮೌಲ್ಯದಿಂದ ಶೇ. 10 ಕಳೆದು ಕೊಟ್ಟಿದ್ದರೆ ಕಳೆಯದ ಸಂಖ್ಯೆ 2.56 ಆಗುತ್ತದೆ, ಆಗ ಇದೇ 2.05 ಶೇ. 80ಕ್ಕೆ ಬಂದು ಅಂಚಿನಲ್ಲಿ ಕೂರುತ್ತದೆ.

ಪಿಎಫ್‌ಟಿ ಕೋಣೆ

ಸೆಟ್ಟಿಂಗ್ ನೋಡಿದೆ. ನೀವು ಹೇಳಿದ್ದೇ. ಶೇ. 10 ಕಡಿತ ಹಾಕಿಟ್ಟಿದ್ದಾರೆ, ಯಾರು ಯಾವಾಗ ಹಾಕಿದರೋ ದಾಖಲೆ ಇಲ್ಲ.

ಸಾಧನ ಸೇವೆ

ಇದು ಬಹಳ ಕಡೆ ಹೀಗೇ ಇದೆ. ಇರಬೇಕಾದ ಸಂಖ್ಯೆ ಲೆಕ್ಕ ಹಾಕುವ ಅಂತರರಾಷ್ಟ್ರೀಯ ಸಮೀಕರಣ ಜಿಎಲ್‌ಐ-2012ರಲ್ಲಿ ಭಾರತದವರಿಗೆ ಅಂತ ಪ್ರತ್ಯೇಕ ಗುಂಪಿಲ್ಲ, ಜನ ‘ಅದರ್’ ಆರಿಸುತ್ತಾರೆ. 2022ರ ಜಿಎಲ್‌ಐ ಗ್ಲೋಬಲ್ ಸಮೀಕರಣ ಜನಾಂಗವನ್ನೇ ಕೇಳುವುದಿಲ್ಲ. ಹೊಸ ಸಾಫ್ಟ್‌ವೇರಿಗೆ ಅದನ್ನೇ ಹಾಕಿ ಅಂತ ನನ್ನ ಅಭಿಪ್ರಾಯ.

ನಿಧಾನ ಉಸಿರು

ನನಗೆ ಅಷ್ಟು ಧೈರ್ಯ ಇಲ್ಲ. ಗ್ಲೋಬಲ್ ಹಾಕಿದ ಮೇಲೆ ನಮ್ಮ ಊರಿನ ಆರೋಗ್ಯವಂತರಲ್ಲೂ ಒಂದಷ್ಟು ಜನಕ್ಕೆ ಎಫ್‌ವಿಸಿ ಕಡಿಮೆ ಅಂತ ಬರುತ್ತದೆ, ಅವರನ್ನೆಲ್ಲ ಟಿಎಲ್‌ಸಿಗೆ ಊರು ಬಿಟ್ಟು ಕಳಿಸಬೇಕಾಗುತ್ತದೆ. ಕಡಿತ ಹಾಕಿದರೆ ಬಡತನ, ಹೊಗೆ, ಬಾಲ್ಯದ ಅಪೌಷ್ಟಿಕತೆಯಿಂದ ನಿಜವಾಗಿ ಕುಗ್ಗಿದ ಶ್ವಾಸಕೋಶವನ್ನು ‘ಸಹಜ’ ಅಂತ ಬರೆದ ಹಾಗಾಗುತ್ತದೆ. ನಾನು ಭಾರತೀಯರನ್ನೇ ಅಳೆದು ಮಾಡಿದ ಸಮೀಕರಣ ಬಳಸುತ್ತೇನೆ, ಅದಕ್ಕೂ ಉತ್ತರ-ದಕ್ಷಿಣದ ತಕರಾರು ಇದೆ. ಯಾವುದನ್ನೇ ಬಳಸಿ, ಅದರ ಹೆಸರನ್ನು ರಿಪೋರ್ಟ್ ಮೇಲೆ ಮುದ್ರಿಸಿ. ಮಧ್ಯದಲ್ಲಿ ಬದಲಿಸಿದರೆ ಹಳೆಯ ರೋಗಿಯ ಶೇಕಡಾ ಹೋಲಿಸಬೇಡಿ, ಲೀಟರ್ ಹೋಲಿಸಿ.

ಈ ರೋಗಿಯ ಮಟ್ಟಿಗೆ ಇದರಿಂದ ಅಬ್‌ಸ್ಟ್ರಕ್ಷನ್ ಹೋಗುವುದಿಲ್ಲ. ಅನುಪಾತ ಸಮೀಕರಣ ಬದಲಾದರೂ ಹೆಚ್ಚು ಸರಿಯುವುದಿಲ್ಲ.

ಕಾವ್ಯ ಫಸ್ಟ್ ಇಯರ್

ಹಾಗಾದರೆ 0.70 ಅನ್ನುವುದು ಎಲ್ಲ ವಯಸ್ಸಿಗೂ ಒಂದೇನಾ?

ಮಲೆನಾಡ ಮಳೆ

ಸಿಒಪಿಡಿಯ ಗೋಲ್ಡ್ ಮಾರ್ಗಸೂಚಿ ಹಾಗೇ ಹೇಳುತ್ತದೆ, ಔಷಧಿ ಕೊಟ್ಟ ಮೇಲೆ 0.70. ನೆನಪಿಟ್ಟುಕೊಳ್ಳಲು ಸುಲಭ, ನಾನು ಅದನ್ನೇ ಬಳಸುತ್ತೇನೆ.

ನಿಧಾನ ಉಸಿರು

ವಯಸ್ಸಾದ ಹಾಗೆ ಶ್ವಾಸಕೋಶದ ಬಿಗಿ ಸಡಿಲಾಗಿ ಅನುಪಾತ ತಾನೇ ಇಳಿಯುತ್ತದೆ. 80ರ ಅಜ್ಜನಿಗೆ 0.68 ಸಹಜ ಇರಬಹುದು, 25ರ ಹುಡುಗಿಗೆ 0.73 ರೋಗ ಇರಬಹುದು. ಅದಕ್ಕೆ ನಾನು ವಯಸ್ಸಿಗೆ ತಕ್ಕ ಕೆಳಮಿತಿ ನೋಡುತ್ತೇನೆ, ಜ಼ೆಡ್ ಸ್ಕೋರ್ ಮೈನಸ್ 1.645. ಮಳೆ ಅವರೂ ನಾನೂ ಇದರಲ್ಲಿ ಒಪ್ಪುವುದು ಕಷ್ಟ. ಇವರ 0.58 ಎರಡೂ ಗೋಲಿನಲ್ಲಿ ಕೆಳಗೇ ಇದೆ.

ಪಿಎಫ್‌ಟಿ ಕೋಣೆ

ಎರಡೂ ದಿನದ ವಾಲ್ಯೂಮ್-ಟೈಮ್ ಗ್ರಾಫ್ ಒಂದೇ ಹಾಳೆಯಲ್ಲಿ, ಒಂದೇ ಅಳತೆಯಲ್ಲಿ ಪ್ರಿಂಟ್ ತೆಗೆದು ಡಾಕ್ಟರಿಗೆ ಕೊಟ್ಟೆ. ಮೊದಲ ಎರಡು ಸೆಕೆಂಡ್ ಗೆರೆ ಒಂದರ ಮೇಲೊಂದು ಕೂರುತ್ತದೆ, ಆಮೇಲೆ ಒಂದು ತುಂಡಾಗಿ ಇನ್ನೊಂದು ಮುಂದೆ ಹೋಗುತ್ತದೆ. ಹೋದ ತಿಂಗಳ ರಿಪೋರ್ಟುಗಳಲ್ಲಿ ‘ರೆಸ್ಟ್ರಿಕ್ಷನ್’ ಅಂತ ಬಂದವುಗಳ ಊದಿದ ಸಮಯ ಮತ್ತು ಕೊನೆಯ ಸೆಕೆಂಡ್ ನೋಡುತ್ತ ಕೂತಿದ್ದೇನೆ. ಇದುವರೆಗೆ ನೋಡಿದ ಏಳರಲ್ಲಿ ಮೂರಕ್ಕೆ ಗೆರೆ ಚಪ್ಪಟೆ ಆಗಿಲ್ಲ. ಆ ಮೂವರನ್ನೂ ಮತ್ತೆ ಕರೆಸಲು ಹೇಳಿದ್ದಾರೆ.